ಫೋಟೋದಲ್ಲಿ ಕೇಸರಿ: ಬಣ್ಣಕ್ಕಿಂತ ಮೊದಲು ಎಳೆಯ ತುದಿ ನೋಡಿ

ಮೈಸೂರಿನಲ್ಲಿ ನಮ್ಮದು ಡ್ರೈಫ್ರೂಟ್ಸ್ ಮತ್ತು ಮಸಾಲೆ ಸಾಮಾನಿನ ಅಂಗಡಿ. ಕೇಸರಿ ಕೊಳ್ಳುವ ಮೊದಲು ಮಾರುವವರಿಂದ ಫೋಟೋ ತರಿಸಿ ನೋಡುತ್ತೇನೆ. ಬೇರೆ ಕಡೆ ಕೊಂಡವರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ "ಇದು ಅಸಲಿನಾ?" ಅಂತ ಕೇಳುತ್ತಾರೆ. ಬಹಳ ಜನ ಕೆಂಪು ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡಿರುತ್ತಾರೆ. ಫೋಟೋದಲ್ಲಿ ನಂಬಬಾರದ್ದೇ ಆ ಕೆಂಪು. ಮೊಬೈಲ್ ಕ್ಯಾಮೆರಾ ಕೆಂಪನ್ನು ತಾನೇ ಎತ್ತಿ ತೋರಿಸುತ್ತದೆ, ಹಳದಿ ಬಲ್ಬಿನ ಕೆಳಗೆ ಎಲ್ಲಾ ಎಳೆಗಳೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಾನು ಮೊದಲು ಆಕಾರ ನೋಡುತ್ತೇನೆ, ಬಣ್ಣ ಆಮೇಲೆ.

ಕೇಸರಿ ಹೂವೊಂದರಲ್ಲಿ ಮೂರು ಕೆಂಪು ಎಳೆಗಳಿರುತ್ತವೆ. ಮೂರೂ ಕೆಳಗೆ ಒಂದು ತೆಳು ಹಳದಿ ಕಡ್ಡಿಗೆ ಸೇರಿರುತ್ತವೆ. ಪ್ರತಿ ಎಳೆ ಬುಡದಲ್ಲಿ ಸಣ್ಣ, ಮೇಲೆ ಹೋಗ್ತಾ ಅಗಲ. ತುದಿಯಲ್ಲಿ ತುತ್ತೂರಿಯ ಬಾಯಿಯಂತೆ ತೆರೆದು, ಅಂಚು ಸಣ್ಣ ಸಣ್ಣ ಹಲ್ಲುಗಳಾಗಿ ಸೀಳಿರುತ್ತದೆ. ಒಣಗಿದಾಗ ಆ ಬಾಯಿ ಮುದುಡಿ ಮಡಚಿಕೊಳ್ಳುತ್ತದೆ. ಆದರೂ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಅನ್ನುವುದು ಉಳಿದಿರುತ್ತದೆ. ಹಳದಿ ಕಡ್ಡಿ ಸಮೇತ ಇದ್ದರೆ ಕಾಶ್ಮೀರದವರು ಲಚ್ಛಾ ಅನ್ನುತ್ತಾರೆ, ಕಡ್ಡಿ ತೆಗೆದು ಕೆಂಪು ಭಾಗ ಮಾತ್ರ ಇಟ್ಟರೆ ಮೋಂಗ್ರಾ.

ಕೇಸರಿ ಅಂತ ಮಾರುವ ಮೆಕ್ಕೆಜೋಳದ ತೆನೆಯ ಕೂದಲು ಹೀಗಿರುವುದಿಲ್ಲ. ಅದು ತುಂಬಾ ಉದ್ದದ ಎಳೆ. ಬಣ್ಣ ಹಾಕಿ ಒಣಗಿಸಿ, ಕೇಸರಿಯ ಅಳತೆಗೆ ಕತ್ತರಿಸುತ್ತಾರೆ. ಹಾಗಾಗಿ ಎರಡೂ ತುದಿ ಕತ್ತರಿ ಆಡಿಸಿದ ಹಾಗೆ ನೇರ, ಅಗಲ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಫೋಟೋ ಚೆನ್ನಾಗಿದ್ದು ದೊಡ್ಡದು ಮಾಡಿದರೆ ಮೈಮೇಲೆ ಸಣ್ಣ ರೋಮಗಳೂ ಕಾಣಬಹುದು. ಕೇಸರಿ ಎಳೆಯ ಬದಿಯಲ್ಲಿ ಅಂಥ ರೋಮ ಇರುವುದಿಲ್ಲ.

ಕಲಬೆರಕೆಗೆ ಬಳಸುವ ಹೂವಿನ ಎಸಳುಗಳಲ್ಲಿ ಹೆಚ್ಚಾಗಿ ಸಿಗುವುದು ಕುಸುಬೆ. ಕಲಬುರಗಿ, ವಿಜಯಪುರ ಕಡೆ ಹಿಂಗಾರಿನಲ್ಲಿ ಬೆಳೆಯುವ ಅದೇ ಕುಸುಬೆ. ಅದರ ಒಂದೊಂದು ಎಳೆಯೂ ಒಂದು ಪುಟ್ಟ ಹೂವು. ಕೆಳಗೆ ಸಣ್ಣ ಕೊಳವೆ, ಮೇಲೆ ಐದು ಸೀಳು, ನಡುವಿನಿಂದ ಇಣುಕುವ ಇನ್ನೊಂದು ಕಡ್ಡಿ. ಕೇಸರಿಯಲ್ಲಿ ಒಂದೇ ಬಾಯಿ ಇರುತ್ತದೆ, ಐದು ಉದ್ದ ಸೀಳು ಇರುವುದಿಲ್ಲ. ಚೆಂಡು ಹೂವಿನಂಥ ದಳಗಳನ್ನು ಉದ್ದಕ್ಕೆ ಸೀಳಿ ಬಣ್ಣ ಹಾಕಿದ್ದರೆ ಅವು ಚಪ್ಪಟೆಯಾಗಿ, ಕಾಗದದ ಚೂರಿನಂತೆ ಮಡಚಿಕೊಂಡಿರುತ್ತವೆ.

ಇಷ್ಟು ಕಾಣಬೇಕಾದರೆ ಫೋಟೋ ಸರಿಯಾಗಿರಬೇಕು. ನಾನು ಕೇಳುವುದು ಇಷ್ಟೇ. ಬಿಳಿ ಕಾಗದದ ಮೇಲೆ ಹತ್ತು ಹದಿನೈದು ಎಳೆ ಬಿಡಿಬಿಡಿಯಾಗಿ ಹರಡಿ, ಪಕ್ಕದಲ್ಲಿ ಸ್ಕೇಲ್ ಇಡಿ. ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ತೆಗೆಯಿರಿ, ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ. ಮೊಬೈಲನ್ನು ತೀರಾ ಹತ್ತಿರ ಒಯ್ಯಬೇಡಿ, ಸ್ವಲ್ಪ ದೂರದಿಂದ ಜೂಮ್ ಮಾಡಿ. ಕ್ಯಾಮೆರಾ ಪರದೆಯಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ ಪಟ್ಟಿಯನ್ನು ಕೊಂಚ ಕೆಳಗೆ ಎಳೆಯಿರಿ. ಇದು ತುಂಬಾ ಮುಖ್ಯ, ಯಾಕೆಂದರೆ ಬೆಳಕು ಜಾಸ್ತಿಯಾದರೆ ಕೆಂಪು ಭಾಗವೆಲ್ಲ ಒಂದೇ ಮುದ್ದೆಯಾಗಿ ಮಡಿಕೆಗಳು ಮಾಯವಾಗುತ್ತವೆ. ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ.

ಫೋಟೋ ಬಂದ ಮೇಲೆ ಮೊದಲು ಕಾಗದ ನೋಡುತ್ತೇನೆ. ಅದು ಬಿಳಿಯಾಗಿ ಕಂಡರೆ ಮಾತ್ರ ಎಳೆಯ ಬಣ್ಣದ ಬಗ್ಗೆ ಮಾತು. ಕಾಗದವೇ ಹಳದಿಗೆ ತಿರುಗಿದ್ದರೆ ಬಣ್ಣ ಬಿಟ್ಟು ಆಕಾರ ಮಾತ್ರ ನೋಡುತ್ತೇನೆ. ಬಣ್ಣದಲ್ಲಿ ಹುಡುಕುವುದು ಏರಿಳಿತ. ಅಸಲಿ ಎಳೆ ತುದಿಯಲ್ಲಿ ಗಾಢ ಕೆಂಪು, ಬುಡಕ್ಕೆ ಬರುತ್ತಾ ಕಿತ್ತಳೆ, ಕಡ್ಡಿ ಇದ್ದರೆ ಅಲ್ಲಿ ಹಳದಿ. ಬಣ್ಣ ಹಾಕಿದ್ದು ಉದ್ದಕ್ಕೂ ಒಂದೇ. ಲಚ್ಛಾ ಅಂತ ಮಾರುವ ಎಳೆಯಲ್ಲಿ ಕಡ್ಡಿಯೂ ಕೆಂಪಗಿದ್ದರೆ ಬಣ್ಣದಲ್ಲಿ ಅದ್ದಿರುವ ಅನುಮಾನ ಬರುತ್ತದೆ. ಆದರೆ ಮೋಂಗ್ರಾದಲ್ಲಿ ಹಳದಿ ಕಾಣಲಿಲ್ಲ ಅಂತ ನಕಲಿ ಅನ್ನಬಾರದು, ಅಲ್ಲಿ ಹಳದಿ ಭಾಗವನ್ನೇ ತೆಗೆದಿರುತ್ತಾರೆ.

ಒಮ್ಮೆ ನಮ್ಮ ಗ್ರಾಹಕರೊಬ್ಬರು ಬಸುರಿ ಮಗಳಿಗೆ ಹಾಲಿಗೆ ಹಾಕಿಕೊಡಲು ಕೇಸರಿ ತಂದಿದ್ದರು. ಪ್ರವಾಸಕ್ಕೆ ಹೋದವರು ದಾರಿಬದಿಯಲ್ಲಿ ಕೊಂಡಿದ್ದು. "ಅಣ್ಣಾ, ಮಗಳಿಗೆ ಕೊಡೋದು, ಒಂದ್ಸಲ ನೋಡಿ ಹೇಳಿ" ಅಂತ ಡಬ್ಬಿಯ ಫೋಟೋ ಕಳಿಸಿದರು. ಡಬ್ಬಿ ತುಂಬಾ ಕೆಂಪು ರಾಶಿ, ಮೇಲೆ ಬಲ್ಬಿನ ಬೆಳಕು. ಅದರಲ್ಲಿ ಏನೂ ಹೇಳಲಾಗದು. "ಅಮ್ಮಾ, ಡಬ್ಬಿಯ ತಳದಿಂದ ಸ್ವಲ್ಪ ತೆಗೆದು ಹರಡಿ ಕಳಿಸಿ" ಅಂದೆ. ತಳದಿಂದ ಕೇಳಿದ್ದಕ್ಕೆ ಕಾರಣವಿದೆ. ಕಲಬೆರಕೆ ಮಾಡುವವರು ಪೂರ್ತಿ ನಕಲಿ ತುಂಬುವುದು ಕಡಿಮೆ, ಅಸಲಿಯನ್ನು ಮೇಲೆ ಕಾಣುವಂತೆ ಇಡುತ್ತಾರೆ.

ಎರಡನೇ ಫೋಟೋದಲ್ಲಿ ಮೂರು ಥರದ ಎಳೆಗಳಿದ್ದವು. ಕೆಲವಕ್ಕೆ ದಪ್ಪ ತುದಿ, ಕಿತ್ತಳೆ ಬುಡ. ಜಾಸ್ತಿ ಇದ್ದದ್ದು ಒಂದೇ ಅಗಲದ, ಎರಡೂ ಕಡೆ ನೇರ ಕತ್ತರಿಸಿದ ಎಳೆಗಳು, ಎಲ್ಲದರ ಉದ್ದವೂ ಹೆಚ್ಚುಕಡಿಮೆ ಒಂದೇ. ಅಸಲಿ ಎಳೆಗಳು ಅಷ್ಟು ಸಮ ಇರುವುದಿಲ್ಲ. ಇನ್ನೆರಡು ಎಳೆಗಳ ತುದಿ ಸೀಳಿದಂತಿತ್ತು, ಆದರೆ ಮುದುಡಿದ್ದರಿಂದ ಐದು ಸೀಳು ಎಣಿಸಲು ಆಗಲಿಲ್ಲ.

ಇಂಥ ಅನುಮಾನಕ್ಕೆ ಒದ್ದೆ ಫೋಟೋ ಕೇಳುತ್ತೇನೆ. ಬಿಳಿ ತಟ್ಟೆಯಲ್ಲಿ ಒಂದೆರಡು ಚಮಚ ತಣ್ಣೀರು, ಅದರಲ್ಲಿ ಪ್ರತಿ ಥರದ ಎಳೆ ದೂರ ದೂರ ಇಡಬೇಕು. ಹಾಕಿದ ತಕ್ಷಣ ಒಂದು ಫೋಟೋ, ಕಾಲು ಗಂಟೆ ಬಿಟ್ಟು ಇನ್ನೊಂದು. ನೀರು ಹೀರಿದ ಎಳೆ ಉಬ್ಬಿ ತನ್ನ ಆಕಾರಕ್ಕೆ ಬರುತ್ತದೆ. ಆ ಅಮ್ಮನ ತಟ್ಟೆಯಲ್ಲಿ ನೇರ ಎಳೆಗಳ ಸುತ್ತ ತಕ್ಷಣವೇ ಕೆಂಪು ಹರಡಿತು. ಕಾಲು ಗಂಟೆಯ ಫೋಟೋದಲ್ಲಿ ಅವು ಒಣಹುಲ್ಲಿನ ಬಣ್ಣದ ಪಟ್ಟಿಗಳು. ದಪ್ಪ ತುದಿಯವು ಇನ್ನೂ ಕೆಂಪಗೇ ಇದ್ದವು, ಸುತ್ತ ಹೊಂಬಣ್ಣ ನಿಧಾನಕ್ಕೆ ಇಳಿದಿತ್ತು, ಬಾಯಿ ತೆರೆದು ಹಲ್ಲಿನ ಅಂಚು ಕಾಣುತ್ತಿತ್ತು. ಮೂರನೇ ಥರದ್ದು ಬಿಚ್ಚಿಕೊಂಡು ಐದೂ ಸೀಳು ತೋರಿಸಿತು: ಕುಸುಬೆ.

ಒಂದು ವಿಷಯ ಇಲ್ಲಿ ಗಮನಿಸಬೇಕು. ಕುಸುಬೆಯೂ ನೀರಿಗೆ ಹಳದಿ ಬಿಡುತ್ತದೆ. ನೀರು ಹಳದಿಯಾಯಿತು ಅಂತ ಸಮಾಧಾನ ಮಾಡಿಕೊಂಡರೆ ಅದು ತಪ್ಪಿಸಿಕೊಂಡುಬಿಡುತ್ತದೆ. ನೀರಿನ ಬಣ್ಣ ಮಾತ್ರ ನೋಡುವವರಿಗೆ ನಾನು ಯಾವಾಗಲೂ ಹೇಳುವುದು, ಎಳೆಯನ್ನು ಮತ್ತೆ ದೊಡ್ಡದು ಮಾಡಿ ನೋಡಿ ಅಂತ.

ಆ ಡಬ್ಬಿ ಹಾಲಿಗೆ ಹಾಕಬೇಡಿ ಅಂದೆ. ಎಳೆಗಳನ್ನು ಆರಿಸಿ ಅಸಲಿಯನ್ನಾದರೂ ಬಳಸಬಹುದಾ ಅಂತ ಕೇಳಿದರು. ಬೇಡ ಅಂದೆ. ಯಾವ ಬಣ್ಣ ಹಾಕಿದ್ದಾರೋ ಫೋಟೋದಲ್ಲಿ ತಿಳಿಯುವುದಿಲ್ಲ, ಜೊತೆಗಿದ್ದ ಅಸಲಿ ಎಳೆಗೂ ಅದು ಅಂಟಿರಬಹುದು.

ಫೋಟೋ ನೋಡಿ "ಇದು ಕೇಸರಿ ಅಲ್ಲ" ಅಂತ ಧೈರ್ಯವಾಗಿ ಹೇಳುತ್ತೇನೆ. "ಇದು ಒಳ್ಳೆಯ ಕೇಸರಿ" ಅಂತ ಹೇಳುವುದಿಲ್ಲ. ತೂಕಕ್ಕೆ ಜೇನುತುಪ್ಪ ಅಥವಾ ಎಣ್ಣೆ ಸವರಿದ ಎಳೆಯ ಆಕಾರ ಸರಿಯಾಗೇ ಇರುತ್ತದೆ, ಹೆಚ್ಚೆಂದರೆ ಒಂದಕ್ಕೊಂದು ಅಂಟಿಕೊಂಡು ಮಿಂಚುತ್ತದೆ. ವರ್ಷಗಟ್ಟಲೆ ಹಳೆಯದಾದ ಎಳೆಯ ಆಕಾರವೂ ಹಾಗೇ ಉಳಿದಿರುತ್ತದೆ. ಬಣ್ಣದ ಶಕ್ತಿ ಎಷ್ಟಿದೆ ಅಂತ ಲ್ಯಾಬ್‌ನಲ್ಲಿ 440 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ, ಐಎಸ್‌ಒ 3632 ಅನ್ನುವ ಮಾನದಂಡದಲ್ಲಿ ಅದರ ವಿಧಾನವಿದೆ. ಹೊಸಬರಿಂದ ಜಾಸ್ತಿ ಮಾಲು ತೆಗೆದುಕೊಳ್ಳುವಾಗ ಫೋಟೋ ಪಾಸಾದ ಮೇಲೂ ನಾನು ಆ ವರದಿ ಕೇಳುತ್ತೇನೆ. ಪುಡಿ ಮಾಡಿದ ಕೇಸರಿಯನ್ನಂತೂ ಕೊಳ್ಳುವುದೇ ಇಲ್ಲ, ಅದರಲ್ಲಿ ನೋಡಲು ತುದಿಯೂ ಇಲ್ಲ, ಬುಡವೂ ಇಲ್ಲ.