ಮೆಲುದನಿಗೂ ಎಂಟೇ ಬಿಟ್: ಮ್ಯೂ-ಲಾ ಬಳಸಿದ ನನ್ನ ಅನುಭವ

ಪುಣೆಯ ಕೋಥ್ರೂಡ್‌ನಲ್ಲಿ, ನಮ್ಮ ಸೊಸೈಟಿಯಲ್ಲೇ ಇರುವ ಧಾರವಾಡದ ಅಜ್ಜಿಯೊಬ್ಬರಿಗೆ ಮಾತ್ರೆಯ ಹೊತ್ತು ನೆನಪಿಸುವ ಪುಟ್ಟ ಡಬ್ಬಿ ಮಾಡಿಕೊಟ್ಟೆ. ಹೊತ್ತಾದಾಗ ಮಗಳ ದನಿಯಲ್ಲೇ ಅದು ಮಾತಾಡಬೇಕು: "ಅವ್ವಾ, ಹಾಲು ಕುಡದು ಗುಳಿಗಿ ತಗೋ." ಒಳಗಿದ್ದದ್ದು 4 ಎಂಬಿ ಫ್ಲ್ಯಾಶ್ ಚಿಪ್. ಸೆಕೆಂಡಿಗೆ 8000 ಸ್ಯಾಂಪಲ್, ಒಂದಕ್ಕೆ 8 ಬಿಟ್ ಅಂದರೆ ಸುಮಾರು ಎಂಟೂವರೆ ನಿಮಿಷದ ಮಾತು ಹಿಡಿಯುತ್ತದೆ. 16 ಬಿಟ್ ಇಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 8 ಬಿಟ್ಟೇ ಗತಿ.

ಮಾತನ್ನು 8 ಬಿಟ್‌ಗೆ ಒತ್ತಲು ನಾನು ಆರಿಸಿದ್ದು ಮ್ಯೂ-ಲಾ, ಫೋನ್ ಜಾಲಗಳಲ್ಲಿ ಬಳಸುವ ಒಂದು ವಿಧಾನ. ಹೋಲಿಸಿ ನೋಡಲು ಅಂತ ಮೊದಲು ಸಮ ಮೆಟ್ಟಿಲಿನ, ಅಂದರೆ ಎಲ್ಲ ಬೆಲೆಗಳ ನಡುವೆ ಒಂದೇ ಅಂತರವಿರುವ 8 ಬಿಟ್‌ನಲ್ಲಿ ಕೇಳಿಸಿದೆ. ಮಗಳದ್ದು ಮೆತ್ತಗಿನ ದನಿ. "ಹಾಲು" ಅಂದದ್ದು "ಆಲು" ಅಂತ ಕೇಳಿತು. ಸಾಲಿನ ಕೊನೆಯ "ತಗೋ" ಗರಗರ ಸದ್ದಿನಲ್ಲಿ ಮುಳುಗಿಹೋಯಿತು. ಅಜ್ಜಿ ಕೇಳಿದರು, "ಯಾಕ ಹಿಂಗ ನುಂಗಿ ಮಾತಾಡ್ತಾಳ ಇಕಿ?"

ನುಂಗಿದ್ದು ಮಗಳಲ್ಲ, ಮೆಟ್ಟಿಲು. 16 ಬಿಟ್‌ನ ಅಳತೆಯಲ್ಲಿ, ಅಂದರೆ -32768ರಿಂದ 32767ರವರೆಗೆ, ಹೇಳುವುದಾದರೆ, ಸಮ ಮೆಟ್ಟಿಲಿನ 8 ಬಿಟ್‌ನಲ್ಲಿ ಒಂದೊಂದು ಮೆಟ್ಟಿಲೂ 256 ಎತ್ತರ. ಜೋರು ಸ್ವರ 20000 ಮುಟ್ಟಿದಾಗ 256 ಏನೂ ಅಲ್ಲ. ಆದರೆ ಪೂರ್ಣ ಮಟ್ಟಕ್ಕಿಂತ 40 ಡೆಸಿಬೆಲ್ ಕೆಳಗಿನ ಸದ್ದಿನ ತುದಿಯೇ ಬರೀ 328. ಆ ಇಡೀ ತರಂಗಕ್ಕೆ ಸಿಗುವುದು ಮೂರೇ ಬೆಲೆ: -256, 0, 256. ಇನ್ನೂ 10 ಡೆಸಿಬೆಲ್ ಇಳಿದರೆ ತುದಿ 104. ಅದು ಅರ್ಧ ಮೆಟ್ಟಿಲಿಗಿಂತ ಕಮ್ಮಿ, ಹಾಗಾಗಿ ಎಲ್ಲವೂ ಸೊನ್ನೆಗೆ ಕೂರುತ್ತದೆ. "ಹ" ಮಾಯವಾದದ್ದು ಹೀಗೆ.

ಮ್ಯೂ-ಲಾದಲ್ಲೂ ಮೆಟ್ಟಿಲು ಅಷ್ಟೇ, ಆದರೆ ಹಂಚಿಕೆ ಬೇರೆ. ಫೋನ್ ಮಾತಿನ ಮಾನದಂಡವಾದ ಜಿ.711ರ ಲೆಕ್ಕದಲ್ಲಿ ಸೊನ್ನೆಯ ಎರಡೂ ಕಡೆ ಎಂಟೆಂಟು ಭಾಗ, ಪ್ರತಿ ಭಾಗದಲ್ಲಿ 16 ಮೆಟ್ಟಿಲು. ಸೊನ್ನೆಯ ಹತ್ತಿರ ಮೆಟ್ಟಿಲು 8, ಮುಂದಿನ ಭಾಗದಲ್ಲಿ 16, ಹೀಗೆ ದುಪ್ಪಟ್ಟಾಗುತ್ತಾ ಕೊನೆಗೆ 1024. ಒಂದು ಸ್ಯಾಂಪಲ್ ಒಳಹೋಗಿ ಹೊರಬಂದಾಗ ಏನಾಗುತ್ತದೆ ಅಂತ ನೋಡಲು ನಾನು ಬರೆದುಕೊಂಡದ್ದು ಇಷ್ಟು:

```python
def ulaw(x):
    s = -1 if x < 0 else 1
    m = min(abs(x), 32635) + 132
    seg = m.bit_length() - 8
    step, base = 8 << seg, 128 << seg
    q = (m - base) // step
    return s * (base + q*step + step//2 - 132)
```

328 ಕೊಟ್ಟರೆ 324 ಬರುತ್ತದೆ, ವ್ಯತ್ಯಾಸ 4. ಸಮ ಮೆಟ್ಟಿಲಿನಲ್ಲಿ ಅದು 256 ಆಗುತ್ತಿತ್ತು, ವ್ಯತ್ಯಾಸ 72. ಈಗ 20000 ಕೊಡಿ: 19836 ಬರುತ್ತದೆ, ವ್ಯತ್ಯಾಸ 164. ಇಲ್ಲಿ ಸಮ ಮೆಟ್ಟಿಲೇ ಮೇಲು, ಅದರ ವ್ಯತ್ಯಾಸ ಬರೀ 32. ಅಂದರೆ ಮ್ಯೂ-ಲಾ ಪುಕ್ಕಟೆ ಏನೂ ಕೊಡುವುದಿಲ್ಲ. ಜೋರು ದನಿಯಿಂದ ತೆಗೆದು ಮೆಲುದನಿಗೆ ಕೊಡುತ್ತದೆ. ಆದರೆ 20000ದಲ್ಲಿ 164 ಅಂದರೆ ನೂರಕ್ಕೆ ಒಂದೂ ಇಲ್ಲ. ಜೋರು ಸದ್ದಿನ ಮರೆಯಲ್ಲಿ ಅಷ್ಟು ಗದ್ದಲ ಕಿವಿಗೆ ಬೀಳುವುದೇ ಇಲ್ಲ.

ಸೈನ್ ತರಂಗಕ್ಕೆ ಲೆಕ್ಕ ಹಾಕಿದೆ. ಪೂರ್ಣ ಮಟ್ಟದಲ್ಲಿ ಸದ್ದಿಗೂ ಗದ್ದಲಕ್ಕೂ ಇರುವ ಅಂತರ ಸಮ ಮೆಟ್ಟಿಲಿಗೆ 50 ಡೆಸಿಬೆಲ್, ಮ್ಯೂ-ಲಾಗೆ 38. ಸದ್ದು 40 ಡೆಸಿಬೆಲ್ ಇಳಿದಾಗ ಸಮ ಮೆಟ್ಟಿಲು ಸುಮಾರು 10ಕ್ಕೆ ಕುಸಿಯುತ್ತದೆ, ಮ್ಯೂ-ಲಾ 34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಾತು ಜಾಸ್ತಿ ಹೊತ್ತು ಕೆಳಗಿನ ಮಟ್ಟದಲ್ಲೇ ಓಡಾಡುತ್ತದೆ, ಅಲ್ವಾ? ಅದಕ್ಕೇ ಈ ಕೊಡುಕೊಳ್ಳುವಿಕೆ ನನಗೆ ಬಹಳ ಇಷ್ಟ. (ನಮ್ಮ ದೇಶದ ಫೋನ್ ಜಾಲದಲ್ಲಿರುವುದು ಇದೇ ಬಗೆಯ ಎ-ಲಾ, ಮ್ಯೂ-ಲಾ ಅಮೆರಿಕ, ಜಪಾನ್ ಕಡೆಯದು. ನನ್ನ ಡಬ್ಬಿ ಯಾವ ಎಕ್ಸ್‌ಚೇಂಜಿನ ಜೊತೆಗೂ ಮಾತಾಡುವುದಿಲ್ಲ, ಹಾಗಾಗಿ ಯಾವುದಾದರೂ ನಡೆಯುತ್ತಿತ್ತು.)

ಡಬ್ಬಿಯಲ್ಲಿ ಬಿಡಿಸುವ ಕೆಲಸ ಸುಲಭ. 256 ಸಾಲಿನ ಒಂದು ಟೇಬಲ್, ಬೈಟ್ ಕೊಟ್ಟರೆ 16 ಬಿಟ್ ಸಂಖ್ಯೆ ಸಿಗುತ್ತದೆ. ಎಚ್ಚರ ಬೇಕಾದದ್ದು ಅದರ ಮುಂದೆ. ಬಿಡಿಸಿದ ಸಂಖ್ಯೆಯನ್ನು 8 ಬಿಟ್ ಪಿಡಬ್ಲ್ಯೂಎಮ್ ಪಿನ್ನಿಗೆ ಕೊಟ್ಟರೆ 256ರ ಮೆಟ್ಟಿಲು ಅಲ್ಲಿ ಮತ್ತೆ ಬಂದು ಕೂರುತ್ತದೆ, ಉಳಿಸಿದ್ದೆಲ್ಲ ಹೋಯಿತು. ನಾನು 16 ಬಿಟ್ ತೆಗೆದುಕೊಳ್ಳುವ ಐ2ಎಸ್ ಆಂಪ್ಲಿಫೈಯರ್ ಹಾಕಿದೆ. ರೆಕಾರ್ಡಿಂಗ್ ಕಡೆಯೂ ಅಷ್ಟೇ, ಮೊದಲು 16 ಬಿಟ್‌ನಲ್ಲಿ ಹಿಡಿದು ಆಮೇಲೆ ಒತ್ತಬೇಕು.

ಪರೀಕ್ಷೆ ಮಾಡುವ ದಾರಿ ಇದೆ. ತುದಿ 104 ಇರುವ 1 ಕಿಲೋಹರ್ಟ್ಸ್ ಟೋನ್ ಮಾಡಿ, ಮ್ಯೂ-ಲಾಗೆ ಒತ್ತಿ, ಡಬ್ಬಿಯಲ್ಲಿ ನುಡಿಸಿ, ಸ್ಪೀಕರಿಗೆ ಕಿವಿ ಹಚ್ಚಿ. ಸಣ್ಣಗಾದರೂ ಶುದ್ಧವಾದ ಟೋನ್ ಬಂದರೆ ದಾರಿ ಸರಿಯಿದೆ. ಸದ್ದೇ ಇಲ್ಲದಿದ್ದರೆ ಎಲ್ಲೋ ಸಂಖ್ಯೆ 8 ಬಿಟ್‌ನ ಹತ್ತಿರದ ಮೆಟ್ಟಿಲಿಗೆ ಕೂರುತ್ತಿದೆ. ಗರಗರ ಸದ್ದು ಬಂದರೆ ಕೆಳಗಿನ ಬಿಟ್‌ಗಳು ಸುಮ್ನೆ ಕತ್ತರಿಸಿಹೋಗುತ್ತಿವೆ. ಆಗ ಬೆಲೆ 0 ಮತ್ತು -256ರ ನಡುವೆ ಜಿಗಿದು ಚೌಕದ ತರಂಗವಾಗುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಕೋಣೆಯ ಫ್ಯಾನಿನ ಸದ್ದೇ "ಹ"ದಷ್ಟು ದೊಡ್ಡದಾಗಿದ್ದರೆ ಸಣ್ಣ ಮೆಟ್ಟಿಲುಗಳು ಫ್ಯಾನನ್ನೇ ಚೊಕ್ಕಟವಾಗಿ ಹಿಡಿದಿಡುತ್ತವೆ. ಅದಕ್ಕೆ ಫ್ಯಾನ್ ಆರಿಸಿ, ಮೈಕನ್ನು ಬಾಯಿಯ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ಮಗಳ ದನಿಯನ್ನು ರೆಕಾರ್ಡ್ ಮಾಡಿದೆ.