ಮಾತು ಮೊದಲು, ಚಲನೆ ಆಮೇಲೆ: ವ್ಯಾಯಾಮದ ವಿಡಿಯೊಗೆ ಸ್ಕ್ರಿಪ್ಟ್ ಬರೆಯುವುದು ಹೇಗೆ?

ವ್ಯಾಯಾಮದ ವಿಡಿಯೊ ಹಾಕಿಕೊಂಡವರು ಬಹಳ ಹೊತ್ತು ಪರದೆ ನೋಡುವುದೇ ಇಲ್ಲ. ಸ್ಕ್ವಾಟ್ ಮಾಡುವಾಗ ಅವರ ಕಣ್ಣು ಎದುರಿನ ಗೋಡೆಯ ಮೇಲಿರುತ್ತದೆ, ಪ್ಲ್ಯಾಂಕ್ ಮಾಡುವಾಗ ನೆಲದ ಮೇಲೆ. ಆಗ ಅವರನ್ನು ನಡೆಸುವುದು ಕಿವಿಗೆ ಬೀಳುವ ಮಾತು ಮಾತ್ರ. ಆ ಮಾತು ಒಂದು ಸೆಕೆಂಡ್ ತಡವಾದರೆ ಮಂಡಿ ಆಗಲೇ ಬಾಗಿರುತ್ತದೆ, ಉಸಿರು ಆಗಲೇ ಕಟ್ಟಿರುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಬರೆಯಲು ಕೂತಾಗ ಮೊದಲು ಗಡಿಯಾರವನ್ನು ಗೊತ್ತುಮಾಡಿಕೊಳ್ಳಿ. ಮಾತು ಅದರೊಳಗೆ ಕೂರಲಿ.

ಒಂದೇ ವ್ಯಾಯಾಮ ತೆಗೆದುಕೊಂಡು ನೋಡೋಣ: 40 ಸೆಕೆಂಡ್ ಸ್ಕ್ವಾಟ್, ನಂತರ 20 ಸೆಕೆಂಡ್ ವಿಶ್ರಾಂತಿ. ಕೆಳಗಿಳಿಯಲು 2 ಸೆಕೆಂಡ್, ಮೇಲೇಳಲು 2 ಸೆಕೆಂಡ್ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 4 ಸೆಕೆಂಡ್, 40 ಸೆಕೆಂಡಿಗೆ 10 ಸುತ್ತು. ಈ ಲೆಕ್ಕ ಹಾಕದೆ ಬರೆದರೆ ಕ್ಯಾಮೆರಾ ಎದುರು ಮಾಡುವವರು ಉತ್ಸಾಹದಲ್ಲಿ 15 ಸುತ್ತು ಮಾಡಿಬಿಡುತ್ತಾರೆ. ಮನೆಯಲ್ಲಿರುವವರು ಅವರನ್ನು ಹಿಡಿಯಲು ಹೋಗಿ ಅರ್ಧಂಬರ್ಧ ಬಾಗಿ ಏಳುತ್ತಾರೆ.

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಸಮಯ, ಪರದೆಯಲ್ಲಿ ಕಾಣುವುದು, ಮಾತು. ಮಾತಿನ ಕಾಲಂ ತುಂಬುವ ಮುನ್ನ ಒಂದು ಮಿತಿ ಹಾಕಿಕೊಳ್ಳಿ. ಆರಾಮಾಗಿ ಹೇಳಿದರೆ 2 ಸೆಕೆಂಡಿನಲ್ಲಿ ಮೂರು ನಾಲ್ಕು ಚಿಕ್ಕ ಪದಗಳಷ್ಟೇ ಹಿಡಿಸುತ್ತವೆ. 'ನಿಮ್ಮ ಮಂಡಿಗಳನ್ನು ಪಾದದ ಬೆರಳುಗಳು ತೋರಿಸುತ್ತಿರುವ ದಿಕ್ಕಿಗೇ ಇಟ್ಟುಕೊಳ್ಳಲು ಪ್ರಯತ್ನಿಸಿ' ಎಂಬುದು ಓದಲು ಚೆನ್ನಾಗಿದೆ, ಆದರೆ ಹೇಳಿ ಮುಗಿಸುವಷ್ಟರಲ್ಲಿ ಒಂದು ಸುತ್ತೇ ಮುಗಿದಿರುತ್ತದೆ. 'ಮಂಡಿ ಬೆರಳಿನ ದಿಕ್ಕಿಗೆ' ಎಂದರೆ ಸಾಕು.

ಹಾಗಾದರೆ ಉದ್ದದ ವಿವರಣೆ ಎಲ್ಲಿ ಹೇಳುವುದು? ಅದರ ಜಾಗ ಸ್ಕ್ವಾಟ್‌ಗೆ ಮುಂಚಿನ, ಅಂದರೆ ಹಿಂದಿನ ವ್ಯಾಯಾಮ ಮುಗಿದ ಮೇಲಿನ 20 ಸೆಕೆಂಡ್ ವಿಶ್ರಾಂತಿ. ಅದರಲ್ಲೂ ಮೊದಲ 6 ಸೆಕೆಂಡ್ ಬಿಟ್ಟುಬಿಡಿ, ಏದುಸಿರು ಬಿಡುತ್ತಿರುವವರ ತಲೆಗೆ ಏನೂ ಹೋಗುವುದಿಲ್ಲ. ಮುಂದಿನ 10 ಸೆಕೆಂಡಿನಲ್ಲಿ ಪಕ್ಕದಿಂದ ತೆಗೆದ ದೃಶ್ಯದಲ್ಲಿ ಒಂದು ಸ್ಕ್ವಾಟ್ ತೋರಿಸಿ: 'ಪಾದ ಭುಜದಷ್ಟು ಅಗಲ. ಸೊಂಟ ಹಿಂದಕ್ಕೆ ತಳ್ಳಿ ಕೂರಿ. ಹಿಮ್ಮಡಿ ಎತ್ತಬೇಡಿ. ಮಂಡಿ ನೋಯುತ್ತಿದ್ದರೆ ಹಿಂದೆ ಕುರ್ಚಿ ಇಟ್ಟು, ಅದನ್ನು ಮುಟ್ಟಿ ಏಳಿ.' ಕುರ್ಚಿಯ ಮಾತು ಇಲ್ಲಿಯೇ ಬರಬೇಕು. ಸ್ಕ್ವಾಟ್ ಶುರುವಾದ ಮೇಲೆ ಹೇಳಿದರೆ ಕುರ್ಚಿ ತರುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಉಳಿದ 4 ಸೆಕೆಂಡ್ ಸಿದ್ಧರಾಗಲು: 'ನಿಂತುಕೊಳ್ಳಿ… ಮೂರು, ಎರಡು, ಒಂದು.'

ಇನ್ನು 40 ಸೆಕೆಂಡಿನ ಮಾತಿನ ಕಾಲಂ ಹೀಗಿರಬಹುದು:

0:00–0:12 (ಸುತ್ತು 1–3): 'ಉಸಿರೆಳೆಯುತ್ತಾ ಕೆಳಗೆ… ಬಿಡುತ್ತಾ ಮೇಲೆ.' ಇದೇ ಮೂರು ಸಲ.
0:12–0:20 (ಸುತ್ತು 4–5): 'ಹಿಮ್ಮಡಿ ನೆಲದಲ್ಲೇ.' ಸ್ವಲ್ಪ ತಡೆದು, 'ಮಂಡಿ ಬೆರಳಿನ ದಿಕ್ಕಿಗೆ.'
0:20–0:24 (ಸುತ್ತು 6): ಮಾತಿಲ್ಲ. ಮಧ್ಯ ಬಂತೆಂದು ತಿಳಿಸಲು ಆರಂಭದಲ್ಲಿ ಒಂದು ಬೀಪ್.
0:24–0:32 (ಸುತ್ತು 7–8): ಏಳುವಾಗ ಮಾತ್ರ, 'ಉಸಿರು ಬಿಡಿ.'
0:32–0:40 (ಸುತ್ತು 9–10): 'ಇನ್ನೆರಡು, ನಿಧಾನವಾಗಿ.' ಕೊನೆಯದಕ್ಕೆ, 'ನೆಲವನ್ನು ಒತ್ತಿ ಏಳಿ.'

ಉಸಿರಿನ ಮಾತು ಚಲನೆಗಿಂತ ಸುಮಾರು ಅರ್ಧ ಸೆಕೆಂಡ್ ಮೊದಲೇ ಶುರುವಾಗಬೇಕು. ಕೇಳಿ, ಅರ್ಥಮಾಡಿಕೊಂಡು, ಆಮೇಲೆ ದೇಹ ಚಲಿಸಲು ಅಷ್ಟು ಹೊತ್ತು ಬೇಕು. ಅಂದರೆ 0:04ಕ್ಕೆ ಇಳಿಯಬೇಕಾದರೆ 'ಉಸಿರೆಳೆಯುತ್ತಾ' ಎಂಬುದು 0:03.5ಕ್ಕೆ ಬಾಯಿಂದ ಹೊರಡಬೇಕು. ತೋರಿಸುವವರೇ ಮಾತಾಡುತ್ತಾ ಸ್ಕ್ವಾಟ್ ಮಾಡಿದರೆ ಇದು ಸಾಧ್ಯವಾಗುವುದು ಕಷ್ಟ. ಅವರೂ ಏದುಸಿರು ಬಿಡುತ್ತಿರುತ್ತಾರೆ, ಮಾತು ಚಲನೆಯ ಹಿಂದೆ ಓಡುತ್ತದೆ. ದೃಶ್ಯ ಮೊದಲು ತೆಗೆದು, ಧ್ವನಿ ಆಮೇಲೆ ಸೇರಿಸುವುದೇ ವಾಸಿ.

ಉಸಿರಿನ ಬಗ್ಗೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಕಷ್ಟದ ಘಳಿಗೆಯಲ್ಲಿ, ಅಂದರೆ ಮೇಲೇಳುವಾಗ, ಜನ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತಾರೆ. ಹಾಗೆ ಬಿಗಿಹಿಡಿದು ಬಲ ಹಾಕಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. ಆಗಲೇ ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ ಅದು ಅಪಾಯ. ಆದ್ದರಿಂದ ಜಾಗ ಸಾಲದೆ ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ 'ಎಳೆಯಿರಿ' ಬಿಡಿ, 'ಬಿಡಿ' ಉಳಿಸಿಕೊಳ್ಳಿ. ಹೊರಗೆ ಹೋದ ಉಸಿರು ತಾನಾಗಿಯೇ ಒಳಗೆ ಬರುತ್ತದೆ.

ಭಂಗಿಯ ಎಚ್ಚರಿಕೆಗಳನ್ನು ಎಲ್ಲಿ ಕೆಡುತ್ತದೆ ಎಂಬುದನ್ನು ನೋಡಿ ಇಡಬೇಕು. ಹಿಮ್ಮಡಿ ಮೇಲೇಳುವುದು ಸಾಮಾನ್ಯವಾಗಿ ಆರಂಭದಲ್ಲೇ ಕಾಣುತ್ತದೆ. ಮಂಡಿ ಒಳಕ್ಕೆ ವಾಲುವುದು, ಬೆನ್ನಿನ ಕೆಳಭಾಗ ಗೂನಾಗುವುದು ತೊಡೆ ಸೋತ ಮೇಲೆ ಹೆಚ್ಚು. ಅಂದರೆ ಕೊನೆಯ 10 ಸೆಕೆಂಡ್ ಅತಿ ಸೂಕ್ಷ್ಮ ಹೊತ್ತು. ಎಷ್ಟೋ ವಿಡಿಯೊಗಳು ಸರಿಯಾಗಿ ಅಲ್ಲೇ 'ಬೇಗ, ಇನ್ನೂ ಬೇಗ' ಎಂದು ಕೂಗುತ್ತವೆ. ಆ ಕೂಗು ಸೋತ ಮಂಡಿಗೆ ಒಳಕ್ಕೆ ಬೀಳಲು ಕೊಟ್ಟ ಅಪ್ಪಣೆ. 'ಕಡಿಮೆ ಬಾಗಿದರೂ ಸರಿ' ಎಂಬ ಮಾತಿಗೆ ಅಲ್ಲಿ ಹೆಚ್ಚು ಬೆಲೆ. ಒಂದು ಸುತ್ತಿಗೆ ಒಂದೇ ಸೂಚನೆ ಇರಲಿ. ಹಿಮ್ಮಡಿ, ಮಂಡಿ, ಬೆನ್ನು, ಗದ್ದ ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಯಾವುದೂ ನೆಟ್ಟಗಾಗುವುದಿಲ್ಲ. 'ಏನು ಮಾಡಬೇಡಿ' ಎನ್ನುವುದಕ್ಕಿಂತ 'ಏನು ಮಾಡಿ' ಎನ್ನುವ ಸೂಚನೆ ಬೇಗ ಕೈಗೂಡುತ್ತದೆ.

ಪ್ಲ್ಯಾಂಕ್‌ಗೆ ಬಂದಾಗ ಕೆಳಗೆ-ಮೇಲೆ ಎಂಬ ಲಯವೇ ಇಲ್ಲ, ಉಸಿರಿನ ಮಾತಿಗೆ ಆಧಾರ ತಪ್ಪುತ್ತದೆ. ಅಲ್ಲಿ ಒಂದು ಉಪಾಯ: '1ರಿಂದ 5ರವರೆಗೆ ಗಟ್ಟಿಯಾಗಿ ಎಣಿಸಿ' ಎಂದು ಹೇಳಿಸಿ. ಮಾತಾಡಬೇಕಾದರೆ ಉಸಿರು ಹೊರಗೆ ಬರಲೇಬೇಕು. ಎಣಿಸಲು ಆಗದವರಿಗೆ 'ಮಂಡಿ ನೆಲಕ್ಕೆ ಊರಿ' ಎಂಬ ಸುಲಭದ ದಾರಿ ಮುಂದಿನ ಸಾಲಿನಲ್ಲೇ ಸಿಗಲಿ. ಸೊಂಟ ಕೆಳಕ್ಕೆ ಜೋತುಬಿದ್ದರೂ ಅದೇ ಮಾತು.

ಎಡ-ಬಲ ಇನ್ನೊಂದು ಗೋಜಲು. ಎದುರು ನಿಂತವರ ಬಲಗಾಲು ನೋಡುಗರಿಗೆ ಎಡಕ್ಕೆ ಕಾಣುತ್ತದೆ. ಮಾತಿನಲ್ಲಿ ನೋಡುಗರ ಎಡ, ತೋರಿಸುವವರ ದೇಹದಲ್ಲಿ ಬಲ ಎಂದು ದೃಶ್ಯದ ಕಾಲಂನಲ್ಲಿ ಮೊದಲೇ ಬರೆದಿಡಿ. ಚಿತ್ರೀಕರಣದ ಹೊತ್ತಿನಲ್ಲಿ ನೆನಪಾಗುವುದಿಲ್ಲ.

ವಿಡಿಯೊದ ಮೊದಲ 15 ಸೆಕೆಂಡ್ ಎಚ್ಚರಿಕೆಗೆ ಮೀಸಲಿಡಿ: ಬರಿ ಸಾಕ್ಸ್‌ನಲ್ಲಿ ನುಣುಪು ನೆಲದ ಮೇಲೆ ಬೇಡ, ಹೃದಯದ ತೊಂದರೆ, ಬಿಪಿ, ಗರ್ಭಾವಸ್ಥೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರನ್ನು ಕೇಳಿ, ಎದೆ ನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚಿದಂಥ ನೋವು ಬಂದರೆ ತಕ್ಷಣ ನಿಲ್ಲಿಸಿ. ತೊಡೆಯ ಉರಿ ಬೇರೆ, ಮಂಡಿಯ ಚುಚ್ಚು ನೋವು ಬೇರೆ ಎಂಬುದನ್ನು ಬಿಡಿಸಿ ಹೇಳಿ.

ಚಿತ್ರೀಕರಣಕ್ಕೆ ಮುಂಚೆ ಒಂದು ಪರೀಕ್ಷೆ. ಸ್ಕ್ರಿಪ್ಟನ್ನು ಫೋನಿನಲ್ಲಿ ಸಮಯಕ್ಕೆ ಸರಿಯಾಗಿ ಓದಿ ರೆಕಾರ್ಡ್ ಮಾಡಿ. ಆ ವ್ಯಾಯಾಮ ಗೊತ್ತಿರುವ, ಆದರೆ ಸ್ಕ್ರಿಪ್ಟ್ ನೋಡಿರದ ಒಬ್ಬರಿಗೆ ಫೋನ್ ಬೋರಲು ಹಾಕಿ ಕೇಳಿಸಿ, ಮಾಡಲು ಹೇಳಿ. ನೀವು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಲ್ಲಿ. ಅವರು ತಡವರಿಸಿ ನಿಂತ ಕಡೆ, ಫೋನಿನತ್ತ ಕತ್ತು ತಿರುಗಿಸಿದ ಕಡೆ ಗುರುತು ಹಾಕಿ. ತಡವರಿಸಿದ್ದರೆ ಮಾತು ತಡವಾಗಿದೆ, ಅರ್ಧ ಸೆಕೆಂಡ್ ಮೊದಲೇ ಬರುವಂತೆ ಸರಿಸಿ. ಕತ್ತು ತಿರುಗಿಸಿದ್ದರೆ ಮಾತು ಅರ್ಥವಾಗಿಲ್ಲ, ಆ ಸಾಲನ್ನು ಬೇರೆ ಪದಗಳಲ್ಲಿ ಬರೆಯಿರಿ.