ನನ್ನ ಅನುಭವ: ಅಪಘಾತ ಪರಿಹಾರದ ಬಡ್ಡಿ ಲೆಕ್ಕ

ದಾವಣಗೆರೆ ಕೋರ್ಟಿನಲ್ಲಿ ನಾನು ಹೆಚ್ಚಾಗಿ ನಡೆಸುವುದು ವಾಹನ ಅಪಘಾತದ ಕೇಸುಗಳು. ಕಕ್ಷಿದಾರರು ಮೊದಲು ಕೇಳುವುದು "ಎಷ್ಟು ಲಕ್ಷ ಬರುತ್ತೆ ಸಾರ್?" ಅಂತ. ಬಡ್ಡಿ ಯಾವತ್ತಿಂದ, ಯಾವುದರ ಮೇಲೆ ಅಂತ ಕೇಳುವವರು ಕಡಿಮೆ.

ಹೈವೇಯಲ್ಲಿ ಲಾರಿ ಬಡಿದು ಕಾಲು ಕಳೆದುಕೊಂಡ ಒಬ್ಬ ಹಮಾಲರ ಕೇಸು ಹೇಳುತ್ತೇನೆ. ಅಪಘಾತ ಆಗಿದ್ದು 2014ರ ಜೂನ್‌ನಲ್ಲಿ. ಅವರು ನನ್ನ ಹತ್ತಿರ ಬಂದು ಅರ್ಜಿ ಹಾಕಿದ್ದು 2015ರ ಜನವರಿಯಲ್ಲಿ. ಮೋಟಾರು ವಾಹನ ಕಾಯ್ದೆಯ 171ನೇ ಕಲಮಿನ ಪ್ರಕಾರ ಅರ್ಜಿ ಹಾಕಿದ ದಿನಕ್ಕಿಂತ ಹಿಂದಕ್ಕೆ ಬಡ್ಡಿ ಕೊಡುವಂತಿಲ್ಲ. ಹಾಗಾಗಿ ಆ ಏಳು ತಿಂಗಳಿಗೆ ಬಡ್ಡಿಯೇ ಇಲ್ಲ. ಅದಕ್ಕೇ ನಾನು ಪೊಲೀಸ್ ದಾಖಲೆ, ಆಸ್ಪತ್ರೆ ಕಾಗದ ಕೈಗೆ ಸಿಕ್ಕ ಕೂಡಲೇ ಅರ್ಜಿ ಹಾಕುತ್ತೇನೆ.

2019ರ ಜನವರಿಯಲ್ಲಿ ತೀರ್ಪು ಬಂತು. 6 ಲಕ್ಷ ರೂಪಾಯಿ ಪರಿಹಾರ, ಅರ್ಜಿಯ ದಿನದಿಂದ ಹಣ ಕೊಡುವವರೆಗೆ ಶೇಕಡಾ 6 ಬಡ್ಡಿ. ಇದು ಸಾದಾ ಬಡ್ಡಿ, ಬಡ್ಡಿಗೆ ಬಡ್ಡಿ ಸೇರುವುದಿಲ್ಲ. ಅಂದರೆ ವರ್ಷಕ್ಕೆ 36,000. ಆದರೆ ಆ ಮನುಷ್ಯ ಚಿಕಿತ್ಸೆಗೆ ಒಂದೂವರೆ ಲಕ್ಷ ಕೈಸಾಲ ಮಾಡಿದ್ದರು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ. ಅದರ ಬಡ್ಡಿಯೂ ವರ್ಷಕ್ಕೆ ಸರಿಯಾಗಿ 36,000! 6 ಲಕ್ಷದ ಮೇಲೆ ಕೋರ್ಟು ಕೊಟ್ಟ ಬಡ್ಡಿಯೆಲ್ಲ ಒಂದೂವರೆ ಲಕ್ಷದ ಸಾಲಕ್ಕೇ ಹೋಯಿತು. ಅಸಲು ಮಾತ್ರ ಅಷ್ಟೇ ಉಳಿಯಿತು, ಅದೂ 2014ರ ಕೂಲಿ ಹಿಡಿದು ಕಟ್ಟಿದ ಅಸಲು. ಅಷ್ಟರಲ್ಲಿ ಅಕ್ಕಿ, ಔಷಧಿ, ಬಾಡಿಗೆ ಎಲ್ಲದರ ಬೆಲೆ ಏರಿತ್ತು. ಇದು ನನಗೆ ಈಗಲೂ ಅನ್ಯಾಯ ಅನಿಸುತ್ತದೆ.

ಲಾರಿಯ ವಿಮಾ ಕಂಪನಿ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಯಿತು. 4 ಲಕ್ಷ ಠೇವಣಿ ಇಟ್ಟಿತು, 2020ರ ಜನವರಿಯಲ್ಲಿ ಅದು ನಮ್ಮವರ ಕೈಗೆ ಬಂತು. 2023ರ ಜನವರಿಯಲ್ಲಿ, ಮೇಲ್ಮನವಿ ವಜಾ ಆದ ಮೇಲೆ, ಬಾಕಿಯ ಲೆಕ್ಕದಲ್ಲಿ ಜಗಳ ಶುರುವಾಯಿತು. ಕಂಪನಿ 4 ಲಕ್ಷವನ್ನು ನೇರವಾಗಿ ಅಸಲಿಗೆ ಹಾಕಿಕೊಂಡು 2 ಲಕ್ಷ ಅಸಲು ಬಾಕಿ ಅಂದಿತು. ನಾನು ಒಪ್ಪಲಿಲ್ಲ. ತೀರ್ಪಿನಲ್ಲಿ ಬೇರೆ ಏನೂ ಹೇಳದಿದ್ದರೆ, ಬಂದ ಹಣ ಮೊದಲು ಬಡ್ಡಿ ಮತ್ತು ಖರ್ಚಿಗೆ, ಮಿಕ್ಕಿದ್ದು ಅಸಲಿಗೆ ಹೋಗುವುದು ಸಾಮಾನ್ಯ ನಿಯಮ.

ಖರ್ಚಿನ ಬಾಬತ್ತು ಬದಿಗಿಟ್ಟು ನನ್ನ ಮೆಮೊದಲ್ಲಿ ಬರೆದದ್ದು ಹೀಗೆ. ಐದು ವರ್ಷದ ಬಡ್ಡಿ 1,80,000. ಅದನ್ನು ಕಳೆದರೆ 4 ಲಕ್ಷದಲ್ಲಿ ಅಸಲಿಗೆ ಸೇರಿದ್ದು 2,20,000. ಉಳಿದ ಅಸಲು 3,80,000. ಅದಕ್ಕೆ ಮತ್ತೆ ಮೂರು ವರ್ಷದ ಬಡ್ಡಿ 68,400. ಒಟ್ಟು ಬಾಕಿ 4,48,400. ಕಂಪನಿಯ ಲೆಕ್ಕದಲ್ಲಿ 2 ಲಕ್ಷ ಅಸಲು, ಐದು ವರ್ಷದ ಬಡ್ಡಿ 1,80,000, 2 ಲಕ್ಷದ ಮೇಲೆ ಮೂರು ವರ್ಷದ ಬಡ್ಡಿ 36,000 ಸೇರಿ 4,16,000 ಮಾತ್ರ ಬರುತ್ತಿತ್ತು. 32,400 ರೂಪಾಯಿ ಸುಮ್ನೆ ಬಿಟ್ಟುಕೊಡೋಕಾಗುತ್ತಾ? ಮೊದಲು ತೀರ್ಪು ಕೊಟ್ಟಿದ್ದ ಅಪಘಾತ ಪರಿಹಾರದ ಟ್ರಿಬ್ಯುನಲ್ ನಮ್ಮ ಮೆಮೊ ಒಪ್ಪಿತು.

ಚೆಕ್ಕು ಕೈಗೆ ಬಂದಾಗ ಮೊತ್ತ ನೋಡಿ ಸುಮ್ಮನಾಗಬೇಡಿ. ಯಾವ ದಿನ ಎಷ್ಟು ಬಂತು, ಅದನ್ನು ಬಡ್ಡಿಗೆ ಹಾಕಿದರೋ ಅಸಲಿಗೆ ಹಾಕಿದರೋ ಅಂತ ನಿಮ್ಮ ವಕೀಲರ ಹತ್ತಿರ ಬರೆಸಿಕೊಳ್ಳಿ. ಪರಿಹಾರ ಜಾಸ್ತಿ ಕೇಳಿ ನೀವೇ ಮೇಲ್ಮನವಿ ಹಾಕುವುದಾದರೆ ಗಡುವಿನೊಳಗೆ ಹಾಕಿ. ತಡವನ್ನು ಹೈಕೋರ್ಟು ಮನ್ನಿಸಿದರೂ, ತಡವಾದ ಅಷ್ಟು ದಿನಕ್ಕೆ ಹೆಚ್ಚುವರಿ ಮೊತ್ತದ ಬಡ್ಡಿ ಇಲ್ಲ ಅಂತ ಆದೇಶ ಮಾಡುವುದು ಸಾಮಾನ್ಯ.